ಒಂದೇ ವರ್ಷಕ್ಕೆ ಎರಡು ಹಣದುಬ್ಬರ: ಪಿಯುಸಿ ವರ್ಕ್‌ಶೀಟಿನ ಆರನೇ ಲೆಕ್ಕ

ದ್ವಿತೀಯ ಪಿಯುಸಿ ಓದುತ್ತಿರುವ ಅಣ್ಣನ ಮಗಳು ಮೊನ್ನೆ ಅರ್ಥಶಾಸ್ತ್ರದ ವರ್ಕ್‌ಶೀಟ್ ಒಂದನ್ನು ತಂದು ನನ್ನ ಮುಂದೆ ಹರಡಿದಳು. ಐದು ಪ್ರಶ್ನೆಗಳವರೆಗೆ ಎಲ್ಲವೂ ಸಲೀಸು. ಆರನೆಯದು ಹೀಗಿತ್ತು: 2023-24ರಲ್ಲಿ ಭಾರತದ ನಾಮಮಾತ್ರ ಜಿಡಿಪಿ ಶೇ 9.6ರಷ್ಟು, ನೈಜ ಜಿಡಿಪಿ ಶೇ 8.2ರಷ್ಟು ಬೆಳೆಯಿತು, ಡಿಫ್ಲೇಟರ್ ಪ್ರಕಾರ ಹಣದುಬ್ಬರ ಎಷ್ಟು? ಅವಳು ಲೆಕ್ಕ ಮಾಡಿ ಶೇ 1.3 ಎಂದು ಬರೆದಿದ್ದಳು. ಅದು ಸರಿ. ಏಳನೇ ಪ್ರಶ್ನೆಯಲ್ಲಿ, ಅದೇ ವರ್ಷ ಗ್ರಾಹಕ ಬೆಲೆ ಸೂಚ್ಯಂಕ ಸರಾಸರಿ ಶೇ 5.4ರಷ್ಟು ಏರಿತ್ತು ಎಂದು ಹೇಳಿ, ಹಣದುಬ್ಬರದ ವ್ಯಾಖ್ಯಾನ ಕೇಳಿದ್ದರು.

"ಚಿಕ್ಕಪ್ಪ, ದೇಶ ಒಂದೇ, ವರ್ಷವೂ ಒಂದೇ. ಇವೆರಡರಲ್ಲಿ ಯಾವುದು ತಪ್ಪು?"

ಪ್ರಶ್ನೆಪತ್ರಿಕೆ ಮಾಡಿದವರಿಗೆ ಇದು ಹೊಳೆದಿತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಅವಳು ಕೇಳಿದ್ದು ಭಾರತದ ರಾಷ್ಟ್ರೀಯ ಲೆಕ್ಕಪತ್ರಗಳ ಬಗ್ಗೆ ಕೆಲವು ವರ್ಷಗಳಿಂದ ಅರ್ಥಶಾಸ್ತ್ರಜ್ಞರ ನಡುವೆ ನಡೆಯುತ್ತಿರುವ ಜಗಳದ ನಡುಮಧ್ಯದ ಪ್ರಶ್ನೆ. 2025ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ನಮ್ಮ ರಾಷ್ಟ್ರೀಯ ಲೆಕ್ಕಪತ್ರಗಳಿಗೆ 'ಸಿ' ದರ್ಜೆ ಕೊಟ್ಟು ಸುದ್ದಿಯಾದಾಗ ಮುಂದಿಟ್ಟ ಕಾರಣಗಳಲ್ಲಿ ಒಂದು ಇಲ್ಲಿಯೇ ಅಡಗಿದೆ. ಅದನ್ನು ಹಿಡಿಯಬೇಕಾದರೆ ವರ್ಕ್‌ಶೀಟಿನ ಮೊದಲ ಲೆಕ್ಕದಿಂದಲೇ ಹೊರಡಬೇಕು. ಪುಸ್ತಕದ ಗೋಧಿ, ಬ್ರೆಡ್ಡುಗಳ ಉದಾಹರಣೆ ಬಿಟ್ಟು ರಾಗಿ ಹಿಡಿಯೋಣ.

ಒಂದು ಊರು. ಅಲ್ಲಿ ಮೂರೇ ಕಸುಬು. ರೈತ ಸಾವಿರ ಕಿಲೋ ರಾಗಿ ಬೆಳೆದು ಕಿಲೋಗೆ 30 ರೂಪಾಯಿಯಂತೆ ಗಿರಣಿಗೆ ಮಾರುತ್ತಾನೆ: 30,000 ರೂಪಾಯಿ. ಗಿರಣಿಯವನು ಅದನ್ನು ಬೀಸಿ, ಹಿಟ್ಟನ್ನು ಖಾನಾವಳಿಗೆ 42,000ಕ್ಕೆ ಕೊಡುತ್ತಾನೆ. ಖಾನಾವಳಿಯಾಕೆ ವರ್ಷದಲ್ಲಿ ಮೂರು ಸಾವಿರ ಮುದ್ದೆ ಊಟ ಬಡಿಸುತ್ತಾಳೆ, ಊಟಕ್ಕೆ 30 ರೂಪಾಯಿ: 90,000. ಸಾರು, ಸೌದೆಯ ಖರ್ಚನ್ನು ಸದ್ಯಕ್ಕೆ ಮರೆಯೋಣ. ಈ ಊರಿನ ಜಿಡಿಪಿ ಎಷ್ಟು?

ಮೂರನ್ನೂ ಕೂಡಿಸಿ 1,62,000 ಎಂದು ಬರೆಯುವವರು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಹಾಗೆ ಕೂಡಿಸಿದರೆ ರಾಗಿಯ ಬೆಲೆ ಮೂರು ಸಲ, ಬೀಸುವ ಕೂಲಿ ಎರಡು ಸಲ ಸೇರಿಹೋಗುತ್ತದೆ. ಒಂದು ವರ್ಷದಲ್ಲಿ ದೇಶದ ಗಡಿಯೊಳಗೆ ತಯಾರಾದ ಅಂತಿಮ ಸರಕು ಮತ್ತು ಸೇವೆಗಳ ಮಾರುಕಟ್ಟೆ ಮೌಲ್ಯವೇ ಜಿಡಿಪಿ. ಆ ವ್ಯಾಖ್ಯಾನದಲ್ಲಿ ಇಡೀ ಭಾರವನ್ನು ಹೊತ್ತಿರುವ ಪದ 'ಅಂತಿಮ'. ಆದ್ದರಿಂದ ಉತ್ತರ 90,000. ಇದನ್ನೇ ಇನ್ನೊಂದು ದಾರಿಯಿಂದಲೂ ಪಡೆಯಬಹುದು: ಪ್ರತಿಯೊಬ್ಬರೂ ಕೊಂಡ ಮಾಲಿನ ಮೇಲೆ ತಾವು ಸೇರಿಸಿದ ಮೌಲ್ಯ ಎಷ್ಟು? ರೈತ 30,000, ಗಿರಣಿ 12,000, ಖಾನಾವಳಿ 48,000. ಒಟ್ಟು ಅದೇ 90,000. ಈ ಕೊನೆಯ 48,000ವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಜಿಡಿಪಿಯಿಂದ ರಾಷ್ಟ್ರೀಯ ವರಮಾನಕ್ಕೆ ಇಳಿಯುವುದು ಮೂರು ಮೆಟ್ಟಿಲಿನ ಕೆಲಸ. ಗಿರಣಿಯ ಯಂತ್ರ ವರ್ಷದಲ್ಲಿ 4,000 ರೂಪಾಯಿಯಷ್ಟು ಸವೆದಿದೆ ಎಂದಿಟ್ಟುಕೊಳ್ಳಿ, ಅದನ್ನು ಕಳೆಯಬೇಕು. ಪರೋಕ್ಷ ತೆರಿಗೆ 3,000, ಸಹಾಯಧನ 1,000. ನಿವ್ವಳ 2,000 ಕಳೆಯಬೇಕು. ಗಿರಣಿಯವನು ಪರ ಊರಿನವರಿಂದ ಸಾಲ ತಂದಿದ್ದು 1,000 ರೂಪಾಯಿ ಬಡ್ಡಿ ಹೊರಗೆ ಹೋಗುತ್ತದೆ, ಅದನ್ನೂ ಕಳೆಯಬೇಕು. ಉಳಿಯುವುದು 83,000. ಉತ್ಪಾದನಾಂಗ ವೆಚ್ಚದಲ್ಲಿ ನಿವ್ವಳ ರಾಷ್ಟ್ರೀಯ ಉತ್ಪನ್ನ ಎಂದು ಪುಸ್ತಕ ಉದ್ದಕ್ಕೆ ಕರೆಯುವ ರಾಷ್ಟ್ರೀಯ ವರಮಾನ ಇಷ್ಟೇ.

ಮೂರನೇ ಮೆಟ್ಟಿಲಿನಲ್ಲಿ ಮಾತ್ರ ಕರಾವಳಿಯ ಮಕ್ಕಳು ತಪ್ಪದೆ ಎಡವುತ್ತಾರೆ. ದುಬೈಯಲ್ಲಿ ನೆಲೆಸಿರುವ ಅಣ್ಣ ಮನೆಗೆ ಕಳುಹಿಸುವ ಹಣವನ್ನು 'ವಿದೇಶದಿಂದ ಬಂದ ಉತ್ಪಾದನಾಂಗ ಆದಾಯ' ಎಂದು ಕೂಡಿಸಿಬಿಡುತ್ತಾರೆ. ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ಇದ್ದು ದುಡಿಯುವವನು ಲೆಕ್ಕಪತ್ರದ ಕಣ್ಣಿನಲ್ಲಿ ಆ ದೇಶದ ನಿವಾಸಿ. ಅವನ ಸಂಬಳ ಅಲ್ಲಿನ ಆದಾಯ. ಅವನು ಊರಿಗೆ ಕಳುಹಿಸುವುದು ವರ್ಗಾವಣೆ, ಒಂದು ಬಗೆಯ ಉಡುಗೊರೆ. ಜಗತ್ತಿನಲ್ಲಿ ಅತಿ ಹೆಚ್ಚು ಹಣ ಹೀಗೆ ಹರಿದುಬರುವುದು ಭಾರತಕ್ಕೇ. ಆದರೂ ನಮ್ಮ ನಿವ್ವಳ ಉತ್ಪಾದನಾಂಗ ಆದಾಯ ಋಣಾತ್ಮಕ, ಏಕೆಂದರೆ ವಿದೇಶಿ ಹೂಡಿಕೆದಾರರಿಗೆ ನಾವು ಕೊಡುವ ಲಾಭಾಂಶ, ಬಡ್ಡಿಗಳು ನಮಗೆ ಬರುವುದಕ್ಕಿಂತ ಹೆಚ್ಚು. ಆದ್ದರಿಂದ ಭಾರತದ ಒಟ್ಟು ರಾಷ್ಟ್ರೀಯ ಉತ್ಪನ್ನ ಜಿಡಿಪಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.

ಈಗ ಬೆಲೆಯ ವಿಷಯ. ಎರಡನೇ ವರ್ಷ ಖಾನಾವಳಿ 3,150 ಊಟ ಬಡಿಸಿತು, ಬೆಲೆ 32 ರೂಪಾಯಿಗೆ ಏರಿತು. ಆ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕಿದರೆ 1,00,800 ರೂಪಾಯಿ. ಇದು ನಾಮಮಾತ್ರ ಜಿಡಿಪಿ. ಬೆಳವಣಿಗೆ ಶೇ 12. ಊಟಗಳನ್ನು ಮೊದಲ ವರ್ಷದ 30 ರೂಪಾಯಿಯಲ್ಲೇ ಎಣಿಸಿದರೆ 94,500. ಇದು ನೈಜ ಜಿಡಿಪಿ; ಬೆಳವಣಿಗೆ ಶೇ 5. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ 106.67 ಡಿಫ್ಲೇಟರ್. ಅಂದರೆ ಬೆಲೆ ಶೇ 6.67ರಷ್ಟು ಏರಿದೆ. ಮೂವತ್ತು ರೂಪಾಯಿಯ ಊಟ ಮೂವತ್ತೆರಡಾದರೆ ಏರಿಕೆ ಅಷ್ಟೇ ತಾನೆ? ಇಲ್ಲಿ 12ರಿಂದ 5 ಕಳೆದು ಶೇ 7 ಎಂದು ಬರೆಯುವುದು ಅವಸರದ ಅಂದಾಜು. ಪತ್ರಿಕೆಗಳಲ್ಲಿ ಅದು ನಡೆಯುತ್ತದೆ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಆರನೇ ಲೆಕ್ಕವೂ ಹಾಗೆಯೇ: 1.096ನ್ನು 1.082ರಿಂದ ಭಾಗಿಸಿದರೆ 1.0129, ಶೇ 1.3. ಕಳೆದವರಿಗೆ ಶೇ 1.4 ಬರುತ್ತದೆ.

ನಮ್ಮ ಊರಿನಲ್ಲಿ ಒಂದೇ ಅಂತಿಮ ಸರಕು ಇರುವುದರಿಂದ ಡಿಫ್ಲೇಟರ್ ಹೇಳುವುದೂ ಊಟ ಮಾಡುವವನ ಜೇಬು ಹೇಳುವುದೂ ಒಂದೇ. ದೇಶದಲ್ಲಿ ಹಾಗಿಲ್ಲ. ಗ್ರಾಹಕ ಬೆಲೆ ಸೂಚ್ಯಂಕ ಒಂದು ಮನೆಯ ಸಂತೆಚೀಲದಂತೆ. 2012ನ್ನು ಮೂಲವರ್ಷ ಮಾಡಿಕೊಂಡ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕವೇ ಶೇ 45.86. ತರಕಾರಿ, ಬೇಳೆ ತುಟ್ಟಿಯಾದರೆ ಸೂಚ್ಯಂಕ ಕುಣಿಯುತ್ತದೆ. ಡಿಫ್ಲೇಟರ್ ಲೆಕ್ಕದೊಳಗೆ ಉಕ್ಕು, ಸಿಮೆಂಟು, ಕಾರ್ಖಾನೆಯ ಯಂತ್ರ, ಸಾಫ್ಟ್‌ವೇರ್ ರಫ್ತು, ಸರ್ಕಾರಿ ಸೇವೆ ಎಲ್ಲವೂ ಬರುತ್ತವೆ. ಆಮದು ಮಾಲು ಬರುವುದಿಲ್ಲ. 2023-24ರಲ್ಲಿ ಸಂತೆಚೀಲ ಭಾರವಾಗಿತ್ತು, ಕಾರ್ಖಾನೆಗೆ ಹೋಗುವ ಮಾಲು ಅಗ್ಗವಾಗಿತ್ತು. ಹಾಗಾಗಿ 5.4 ಮತ್ತು 1.3ರ ನಡುವಿನ ಅಂತರದ ಒಂದು ಪಾಲು ಸಹಜವಾದದ್ದೇ. ಇಷ್ಟಕ್ಕೇ ನಿಲ್ಲಿಸುವ ವಿವರಣೆಗಳನ್ನು ಬಹಳ ಕಂಡಿದ್ದೇನೆ. ನನಗೆ ಅದು ಸಾಲದು, ಏಕೆಂದರೆ ಇನ್ನೊಂದು ಪಾಲು ಲೆಕ್ಕ ಹಾಕುವ ವಿಧಾನದಿಂದಲೇ ಹುಟ್ಟಿದ್ದು.

ಮೊದಲ ವರ್ಷದ ಖಾನಾವಳಿಗೆ ಮರಳೋಣ. ಮಾರಾಟ 90,000, ಹಿಟ್ಟಿನ ಖರ್ಚು 42,000, ಸೇರಿಸಿದ ಮೌಲ್ಯ 48,000. ಮುಂದಿನ ವರ್ಷ ಊಟದ ಸಂಖ್ಯೆ ಬದಲಾಗಲಿಲ್ಲ, ಊಟದ ಬೆಲೆಯೂ ಬದಲಾಗಲಿಲ್ಲ, ಕೊಂಡ ಹಿಟ್ಟಿನ ತೂಕವೂ ಅಷ್ಟೇ. ಹಿಟ್ಟಿನ ಬೆಲೆ ಮಾತ್ರ ಶೇ 10ರಷ್ಟು ಇಳಿಯಿತು. ಖರ್ಚು 37,800 ಆಯಿತು. ಆಕೆಗೆ ಉಳಿದದ್ದು 52,200. ಒಂದು ಮುದ್ದೆಯೂ ಹೆಚ್ಚು ಬೆಂದಿಲ್ಲ. ಆದ್ದರಿಂದ ನೈಜ ಬೆಳವಣಿಗೆ ಸೊನ್ನೆ ಆಗಬೇಕು.

ಇದನ್ನು ಸರಿಯಾಗಿ ಹಿಡಿಯುವ ಕ್ರಮ ಹೀಗಿದೆ: ಮಾರಾಟವನ್ನು ಮಾರಾಟದ ಬೆಲೆ ಸೂಚ್ಯಂಕದಿಂದ ತಗ್ಗಿಸಬೇಕು, ಎಂದರೆ ಭಾಗಿಸಬೇಕು, ಖರೀದಿಯನ್ನು ಖರೀದಿಯ ಬೆಲೆ ಸೂಚ್ಯಂಕದಿಂದ ತಗ್ಗಿಸಬೇಕು, ಆಮೇಲೆ ಕಳೆಯಬೇಕು. ಊಟದ ಬೆಲೆ ಬದಲಾಗದ ಕಾರಣ 90,000 ಹಾಗೆಯೇ ಉಳಿಯುತ್ತದೆ. ಹಿಟ್ಟಿನ 37,800ನ್ನು 0.9ರಿಂದ ಭಾಗಿಸಿದರೆ 42,000. ಕಳೆದರೆ 48,000. ಬೆಳವಣಿಗೆ ಸೊನ್ನೆ. ಎರಡು ಕಡೆಗೂ ಬೇರೆ ಬೇರೆ ಸೂಚ್ಯಂಕ ಬಳಸುವುದರಿಂದ ಇದನ್ನು ಡಬಲ್ ಡಿಫ್ಲೇಷನ್ ಎನ್ನುತ್ತಾರೆ.

ಸುಲಭದ ದಾರಿ ಇನ್ನೊಂದಿದೆ. ಉಳಿದ 52,200ನ್ನೇ ನೇರವಾಗಿ ಒಂದು ಸೂಚ್ಯಂಕದಿಂದ ತಗ್ಗಿಸುವುದು. ಊಟದ ಬೆಲೆಯ ಸೂಚ್ಯಂಕ 100ರಲ್ಲೇ ನಿಂತಿದೆ. ಭಾಗಿಸಿದರೆ ಅದೇ 52,200. ಕಾಗದದ ಮೇಲೆ ಖಾನಾವಳಿ ಶೇ 8.75ರಷ್ಟು ಬೆಳೆದುಬಿಟ್ಟಿತು! ಆಕೆಯ ಲಾಭ ಹೆಚ್ಚಿದ್ದು ನಿಜ. ಆದರೆ ಲಾಭ ಬೇರೆ, ಉತ್ಪಾದನೆ ಬೇರೆ. ಬೆಲೆಯಿಂದ ಬಂದ ಲಾಭವು ಉತ್ಪಾದನೆಯ ವೇಷದಲ್ಲಿ ನೈಜ ಲೆಕ್ಕದೊಳಗೆ ಕೂತಿದೆ. ಇನ್ನು ಕೈಗೆ ಸಿಕ್ಕಿದ್ದು ಹಿಟ್ಟಿನ ಬೆಲೆಯ ಸೂಚ್ಯಂಕ ಮಾತ್ರ ಎಂದು ಅದರಿಂದಲೇ ಭಾಗಿಸಿದರೆ 58,000. ಬೆಳವಣಿಗೆ ಶೇ 20.8. ಅದೇ ಒಲೆ, ಅದೇ ಪಾತ್ರೆ, ಅದೇ ಮೂರು ಸಾವಿರ ಊಟ.

ನಮ್ಮಲ್ಲಿ 2011-12ನ್ನು ಮೂಲವರ್ಷ ಮಾಡಿ 2015ರ ಜನವರಿಯಲ್ಲಿ ಬಂದ ಸರಣಿಯಲ್ಲಿ ಕೃಷಿಗೆ ಎರಡು ಸೂಚ್ಯಂಕಗಳ ಕ್ರಮವಿತ್ತು. ತಯಾರಿಕಾ ಕ್ಷೇತ್ರಕ್ಕೆ ಒಂದೇ ಸೂಚ್ಯಂಕ, ಅದೂ ಮುಖ್ಯವಾಗಿ ಸಗಟು ಬೆಲೆ ಸೂಚ್ಯಂಕದಿಂದ ಆಯ್ದದ್ದು. ಸಗಟು ಸೂಚ್ಯಂಕದಲ್ಲಿ ಸೇವೆಗಳಿಗೆ ಜಾಗವೇ ಇಲ್ಲ. ಉತ್ಪಾದಕನ ಕೈಗೆ ಸಿಗುವ ಬೆಲೆಯನ್ನು ಅಳೆಯುವ ಉತ್ಪಾದಕ ಬೆಲೆ ಸೂಚ್ಯಂಕ ಬೇಕು ಎಂಬುದು ಹಳೆಯ ಬೇಡಿಕೆ. ಹಣಕಾಸು ನಿಧಿ ಆಕ್ಷೇಪಿಸಿದ್ದೂ ಇದನ್ನೇ: ಮೂಲವರ್ಷ ಹಳೆಯದು, ಉತ್ಪಾದಕ ಬೆಲೆಯ ಬದಲು ಸಗಟು ಬೆಲೆಯ ಬಳಕೆ, ಒಂದೇ ಸೂಚ್ಯಂಕದಿಂದ ತಗ್ಗಿಸುವ ಕ್ರಮದ ಅತಿಯಾದ ಅವಲಂಬನೆ.

2023-24ರಲ್ಲಿ ಸಗಟು ಸೂಚ್ಯಂಕ ಸರಾಸರಿ ಶೇ 0.7ರಷ್ಟು ಕುಸಿದಿತ್ತು. ಕಚ್ಚಾ ತೈಲ, ಲೋಹ, ರಾಸಾಯನಿಕಗಳು ಅಗ್ಗವಾಗಿದ್ದವು. ಅಂದರೆ ನಮ್ಮ ಖಾನಾವಳಿಯ ಹಿಟ್ಟಿನ ಪರಿಸ್ಥಿತಿಯೇ. ಗ್ರಾಹಕ ಬೆಲೆ 5.4, ಸಗಟು ಬೆಲೆ ಸೊನ್ನೆಗಿಂತ ಕೆಳಗೆ, ಡಿಫ್ಲೇಟರ್ 1.3ರಲ್ಲಿ, ಸಗಟಿನ ಪಕ್ಕದಲ್ಲೇ ಕುಳಿತಿದೆ. ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನೋಡುವುದು ಸಾಮಾನ್ಯ ಓದುಗರಿಗೆ ಸಿಗುವ ಒಳ್ಳೆಯ ಪರೀಕ್ಷೆ. ಡಿಫ್ಲೇಟರ್ ಗ್ರಾಹಕ ಬೆಲೆಯನ್ನು ಬಿಟ್ಟು ಸಗಟಿಗೆ ಅಂಟಿಕೊಂಡಿದ್ದರೆ, ಮತ್ತು ಸಗಟು ಬೆಲೆ ಇಳಿಯುತ್ತಿದ್ದರೆ, ಆ ವರ್ಷದ ನೈಜ ಬೆಳವಣಿಗೆ ಸ್ವಲ್ಪ ಉಬ್ಬಿರಬಹುದು ಎಂದು ಅನುಮಾನಿಸಲು ಕಾರಣವಿದೆ.

ಇಷ್ಟು ಹೇಳಿದ ಕೂಡಲೇ ಸರ್ಕಾರಿ ಅಂಕಿಗಳೆಲ್ಲ ಸುಳ್ಳು ಎಂದು ಕುಣಿಯುವವರಿದ್ದಾರೆ. ಅವರಿಗೆ ಎರಡು ತಡೆಗಳಿವೆ. ಮೊದಲನೆಯದು, ಬಾಣ ಎರಡೂ ಕಡೆಗೆ ಹಾರುತ್ತದೆ. ಹಿಟ್ಟಿನ ಬೆಲೆ ಶೇ 10ರಷ್ಟು ಏರಿದ್ದರೆ ಆಕೆಗೆ ಉಳಿಯುತ್ತಿದ್ದದ್ದು 43,800. ಸುಲಭದ ಲೆಕ್ಕದಲ್ಲಿ ಶೇ 8.75 ಕುಸಿತ. ಸಗಟು ಹಣದುಬ್ಬರ 2021-22ರಲ್ಲಿ ಶೇ 13, 2022-23ರಲ್ಲಿ ಶೇ 9.4 ಇತ್ತು. ಆ ವರ್ಷಗಳಲ್ಲಿ ಇದೇ ವಿಧಾನ ಬೆಳವಣಿಗೆಯನ್ನು ಕಡಿಮೆ ತೋರಿಸಿರುವ ಸಾಧ್ಯತೆಯೇ ಹೆಚ್ಚು. ಆಗ ಯಾರೂ ಈ ಕುರಿತು ಗಂಟಲು ಹರಿದುಕೊಂಡಿದ್ದು ನನಗೆ ನೆನಪಿಲ್ಲ.

ಎರಡನೆಯ ತಡೆ ಇನ್ನೂ ಸೂಕ್ಷ್ಮ. ಹಿಟ್ಟು ಊರಿನ ಗಿರಣಿಯದೇ ಆಗಿದ್ದರೆ ಖಾನಾವಳಿಯ ಲಾಭ ಗಿರಣಿಯ ನಷ್ಟ. ಗಿರಣಿಗೆ ಸಿಗುವುದು 37,800, ರಾಗಿಗೆ ಕೊಟ್ಟದ್ದು 30,000, ಉಳಿದದ್ದು 7,800. ಅದನ್ನು ಅದರದೇ ಮಾರಾಟದ ಬೆಲೆ ಸೂಚ್ಯಂಕವಾದ 0.9ರಿಂದ ಭಾಗಿಸಿದರೆ ಸುಮಾರು 8,667. ರೈತನ 30,000, ಗಿರಣಿಯ 8,667, ಖಾನಾವಳಿಯ 52,200 ಕೂಡಿಸಿದರೆ 90,867. ನಿಜವಾದ 90,000ಕ್ಕಿಂತ ಶೇ ಒಂದರಷ್ಟೂ ಹೆಚ್ಚಿಲ್ಲ. ಒಬ್ಬನಲ್ಲಿ ಉಬ್ಬಿದ್ದು ಇನ್ನೊಬ್ಬನಲ್ಲಿ ಬಹುಪಾಲು ಇಂಗಿಹೋಯಿತು. ಹಿಟ್ಟು ಪರ ಊರಿನಿಂದ ಬಂದದ್ದಾದರೆ ಮಾತ್ರ ಹೀಗೆ ಇಂಗಿಸಿಕೊಳ್ಳುವ ಗಿರಣಿ ನಮ್ಮ ಲೆಕ್ಕದಲ್ಲಿ ಇರುವುದಿಲ್ಲ. ಉಬ್ಬು ಉಬ್ಬಾಗಿಯೇ ಉಳಿಯುತ್ತದೆ. ಬೇಕಾದ ಕಚ್ಚಾ ತೈಲದ ಬಹುಪಾಲನ್ನು ಹೊರಗಿನಿಂದ ತರುವ ದೇಶಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ತೈಲ ಅಗ್ಗವಾದ ವರ್ಷಗಳ ನೈಜ ಬೆಳವಣಿಗೆಯ ಮೇಲೆ ಹೆಚ್ಚು ಅನುಮಾನ ಬೀಳುವುದು ಇದಕ್ಕಾಗಿಯೇ.

ಹಾಗಾದರೆ ನಾಮಮಾತ್ರ ಬೆಳವಣಿಗೆಯನ್ನು ಗ್ರಾಹಕ ಬೆಲೆಯಿಂದಲೇ ತಗ್ಗಿಸಿದರೆ ಆಗದೆ ಎಂದು ಅಣ್ಣನ ಮಗಳು ಕೇಳಿದಳು. ಮಾಡಿ ನೋಡಿದೆವು. 1.096ನ್ನು 1.054ರಿಂದ ಭಾಗಿಸಿದರೆ ಶೇ 4. ವಾಟ್ಸ್‌ಆ್ಯಪ್‌ನಲ್ಲಿ 'ನಿಜವಾದ ಬೆಳವಣಿಗೆ' ಎಂದು ಓಡಾಡುವ ಅಂಕಿಗಳು ಹೆಚ್ಚಾಗಿ ಹೀಗೇ ಹುಟ್ಟುತ್ತವೆ. ಇದು ಇನ್ನೂ ದೊಡ್ಡ ತಪ್ಪು. ಟೊಮೆಟೊ ತುಟ್ಟಿಯಾಯಿತೆಂದು ಸಿಮೆಂಟ್ ಕಾರ್ಖಾನೆಯ ಉತ್ಪಾದನೆಯನ್ನು ಕಡಿತ ಮಾಡಿದಂತೆ.

ಏಳನೇ ಪ್ರಶ್ನೆಗೆ ಬರೋಣ. ಹಣದುಬ್ಬರ ಎಂದರೆ ಸಾಮಾನ್ಯ ಬೆಲೆಮಟ್ಟ ಏರುವ ವೇಗ. ಬೆಲೆಮಟ್ಟ ಬೇರೆ, ವೇಗ ಬೇರೆ. 2025ರ ಅಕ್ಟೋಬರ್‌ನಲ್ಲಿ ಗ್ರಾಹಕ ಹಣದುಬ್ಬರ ಶೇ 0.25ಕ್ಕೆ ಇಳಿದಿದೆ ಎಂದು ವರದಿಯಾದಾಗ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಆದರೆ ಅದರ ಹಿಂದಿನ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 6.21 ಇತ್ತು. 2023ರ ಅಕ್ಟೋಬರ್‌ನಲ್ಲಿ ನೂರು ರೂಪಾಯಿ ಇದ್ದ ಚೀಲ 2024ರಲ್ಲಿ 106 ರೂಪಾಯಿ 21 ಪೈಸೆ ಆಯಿತು, 2025ರಲ್ಲಿ ಸುಮಾರು 106 ರೂಪಾಯಿ 48 ಪೈಸೆ. ಏರಿದ್ದು ಇಳಿದಿಲ್ಲ, ಏರುವುದು ನಿಂತಿದೆ, ಅಷ್ಟೆ. ಸಂತೆಗೆ ಹೋಗುವವರಿಗೆ ಕಾಣುವುದು ಚೀಲದ ಬೆಲೆ. ಸಂಖ್ಯಾಶಾಸ್ತ್ರಜ್ಞ ಹೇಳುವುದು ವೇಗ. ಅದೇ ತಿಂಗಳು ಆಹಾರದ ಬೆಲೆ ಮಾತ್ರ ವರ್ಷದ ಹಿಂದಿಗಿಂತ ಶೇ 5ರಷ್ಟು ಕೆಳಗಿತ್ತು ಎಂಬುದನ್ನೂ ಹೇಳಬೇಕು.

ಆರನೇ ಲೆಕ್ಕಕ್ಕೆ ಒಂದು ಬಾಲವಿದೆ. ವರ್ಕ್‌ಶೀಟಿನಲ್ಲಿದ್ದ 9.6 ಮತ್ತು 8.2 ಎಂಬುವು 2024ರ ಮೇ ತಿಂಗಳಲ್ಲಿ ಬಂದ ತಾತ್ಕಾಲಿಕ ಅಂದಾಜಿನವು. 2025ರ ಫೆಬ್ರುವರಿಯಲ್ಲಿ ಅದೇ 2023-24ರ ಅಂಕಿಗಳನ್ನು ಪರಿಷ್ಕರಿಸಲಾಯಿತು: ನಾಮಮಾತ್ರ ಬೆಳವಣಿಗೆ ಶೇ 12, ನೈಜ ಬೆಳವಣಿಗೆ ಶೇ 9.2. ಹೊಸ ಅಂಕಿಗಳಿಂದ ಭಾಗಿಸಿದರೆ ಡಿಫ್ಲೇಟರ್ ಏರಿಕೆ ಶೇ 2.6. ಒಂದು ವರ್ಷ ಕಳೆಯುವುದರೊಳಗೆ ಉತ್ತರ ಎರಡು ಪಟ್ಟು! ಮೂಲವರ್ಷವನ್ನು 2022-23ಕ್ಕೆ ಬದಲಿಸುವ ತೀರ್ಮಾನವನ್ನು ಸಂಖ್ಯಾಶಾಸ್ತ್ರ ಸಚಿವಾಲಯ ಮಾಡಿರುವುದರಿಂದ, ಹಳೆಯ ಸರಣಿಯ ಈ ಅಂಕಿಗಳನ್ನು ಹೊಸ ಸರಣಿಯ ಅಂಕಿಗಳ ಪಕ್ಕದಲ್ಲಿಟ್ಟು ಹೋಲಿಸಲೂ ಬರುವುದಿಲ್ಲ.

"ಹಾಗಾದರೆ ಖಾಲಿ ಜಾಗದಲ್ಲಿ ಏನು ಬರೆಯಲಿ ಚಿಕ್ಕಪ್ಪ?"

ಪ್ರಶ್ನೆಯಲ್ಲಿ ಕೊಟ್ಟ ಅಂಕಿಗೆ ಉತ್ತರ 1.3, ಅದನ್ನೇ ಬರೆ ಎಂದೆ. ಅವಳು ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ 'ಮೇ 2024ರ ಅಂದಾಜಿನಂತೆ' ಎಂದು ಸೇರಿಸಿದಳು.